ಹೊಸ ಫೋನು, ಹಳೆಯ ಅಕೌಂಟು

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಚಿಂತಾಮಣಿಯ ಪೇಟೆಯಲ್ಲಾಗಲಿ ಮೊಬೈಲ್ ಅಂಗಡಿಗೆ ಹೊಕ್ಕವರು ಹೊಸ ಫೋನಿನ ಡಬ್ಬಿ ಬಿಚ್ಚುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ನಂಬರ್‌ಗಳೆಲ್ಲ ಬರ್ತಾವಾ?" ಅಂಗಡಿಯ ಹುಡುಗನ ಉತ್ತರವೂ ನಾಲಗೆಯ ತುದಿಯಲ್ಲೇ ಇರುತ್ತದೆ: "ಜಿಮೇಲ್ ಹಾಕಿದ್ರೆ ಎಲ್ಲಾ ಬರುತ್ತಣ್ಣ." ಹುಡುಗ ಸುಳ್ಳು ಹೇಳಿಲ್ಲ. ಆದರೆ ಯಾವ ಜಿಮೇಲ್ ಎಂದು ಅವನು ಹೇಳಿಲ್ಲ, 'ಎಲ್ಲಾ' ಎಂದರೆ ಏನೇನು ಎಂದೂ ಹೇಳಿಲ್ಲ. ಫೋನು ಬದಲಿಸಿದವರು ಆಮೇಲೆ ಪಡುವ ಪಾಡೆಲ್ಲ ಹೆಚ್ಚುಕಡಿಮೆ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲನೆಯದು ಅಕೌಂಟಿನ ಪ್ರಶ್ನೆ. ಆಂಡ್ರಾಯ್ಡ್ ಫೋನು ಕೊಂಡ ದಿನ ಗೂಗಲ್ ಅಕೌಂಟ್ ಬೇಕಾಗುತ್ತದೆ. ಗಿರಾಕಿಗೆ ಹಳೆಯ ಪಾಸ್‌ವರ್ಡ್ ನೆನಪಿರುವುದಿಲ್ಲ, ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ಹೊಸ ಜಿಮೇಲ್ ಮಾಡಿಕೊಡುವುದು ಎರಡು ನಿಮಿಷದ ಕೆಲಸ. ಹಳೆಯದನ್ನು ಹುಡುಕುವುದು ಅರ್ಧ ಗಂಟೆಯ ಕೆಲಸ. ಹೀಗಾಗಿ ಮೂರು ಫೋನು ಬದಲಿಸಿದವರಿಗೆ ಮೂರು ಜಿಮೇಲ್ ಇರುವುದು ಈ ಊರುಗಳಲ್ಲಿ ಅಪರೂಪವೇನಲ್ಲ. ಹೆಸರಿನ ಮುಂದೆ ಹುಟ್ಟಿದ ವರ್ಷವೋ ಗಾಡಿಯ ನಂಬರೋ ಸೇರಿಸಿಕೊಂಡ ಆ ವಿಳಾಸಗಳನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕಳೆದುಹೋದವೆಂದು ಜನ ಹಲುಬುವ ನಂಬರುಗಳಲ್ಲಿ ಬಹಳಷ್ಟು ನಿಜಕ್ಕೂ ಕಳೆದಿರುವುದಿಲ್ಲ, ಮಾಲೀಕ ಮರೆತ ಅಕೌಂಟಿನಲ್ಲಿ ಸುಮ್ಮನೆ ಕುಳಿತಿರುತ್ತವೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಯುವ ಒಬ್ಬ ರೀಲರ್ ಇದ್ದಾರೆ ಎಂದುಕೊಳ್ಳೋಣ. 2016ರಲ್ಲಿ ಮೊದಲ ಸ್ಮಾರ್ಟ್‌ಫೋನ್, 2020ರಲ್ಲಿ ಎರಡನೆಯದು, ಈಗ ಮೂರನೆಯದು. ಎರಡನೆಯದರ ಪರದೆ ಒಡೆದಿದೆ. ಚಿತ್ರ ಕಾಣುತ್ತದೆ, ಬೆರಳಿಟ್ಟರೆ ಮಾತ್ರ ಅಲುಗಾಡುವುದಿಲ್ಲ. ಒಳಗಿರುವುದೇನು? ಗೂಡು ತರುವ ರೈತರ, ನೂಲು ಕೊಳ್ಳುವವರ ನಂಬರುಗಳು, ಲೆಕ್ಕದ ಪುಸ್ತಕದ ಪುಟಗಳ ಫೋಟೋಗಳು, ವ್ಯವಹಾರದ ವಾಟ್ಸಾಪ್ ಮಾತು, ಮಗಳ ಮದುವೆಯ ವಿಡಿಯೊ, ಒಂದಷ್ಟು ಪಿಡಿಎಫ್‌ಗಳು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಫೋನಿನೊಳಗಿನ ಸರಕು. ವಾಪಸ್ ಪಡೆಯಲು ಹೊರಟರೆ ಒಂದೊಂದರ ದಾರಿಯೂ ಬೇರೆ, ಗಡುವೂ ಬೇರೆ.

ಅವರು ಮೊದಲು ಮಾಡಬೇಕಾದ್ದು ಹೊಸ ಫೋನನ್ನು ಮುಟ್ಟದೆ ಹಳೆಯದನ್ನು ಎಚ್ಚರಿಸುವುದು. ಚಿತ್ರ ಕಾಣುತ್ತಿದ್ದು ಸ್ಪರ್ಶ ಮಾತ್ರ ಕೆಟ್ಟಿದ್ದರೆ ಕಂಪ್ಯೂಟರಿನ ಸಾಮಾನ್ಯ ಮೌಸನ್ನು ಓಟಿಜಿ ಎಂಬ ಪುಟ್ಟ ಕೊಂಡಿಯ ಮೂಲಕ ಚಾರ್ಜಿಂಗ್ ತೂತಿಗೆ ಸಿಕ್ಕಿಸಬಹುದು. ಬಹುತೇಕ ಫೋನುಗಳಲ್ಲಿ ಪರದೆಯ ಮೇಲೆ ಬಾಣದ ಗುರುತು ಮೂಡುತ್ತದೆ, ಪಿನ್ ಒತ್ತಿ ಒಳಗೆ ಹೋಗಬಹುದು. ಹೋದ ಮೇಲೆ ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ಗುಂಡು ಚಿತ್ರ ಒತ್ತಿದರೆ ಆ ಫೋನಿನಲ್ಲಿರುವ ಜಿಮೇಲ್ ವಿಳಾಸಗಳೆಲ್ಲ ಕಾಣುತ್ತವೆ. ಅವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಗೂಗಲ್ ಫೋಟೋಸ್ ಯಾವ ವಿಳಾಸದಲ್ಲಿದೆ, ವಾಟ್ಸಾಪಿನ ಬ್ಯಾಕಪ್ ಯಾವುದಕ್ಕೆ ಹೋಗುತ್ತಿದೆ ಎಂದು ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಇವು ಒಂದೇ ವಿಳಾಸದಲ್ಲಿರಲೇಬೇಕೆಂಬ ನಿಯಮವಿಲ್ಲ.

ಹಳೆಯ ಫೋನೇ ಇಲ್ಲದವರ ಕಥೆ ಬೇರೆ. ಗೂಗಲ್‌ನ g.co/recover ಪುಟದಲ್ಲಿ ಫೋನ್ ನಂಬರ್ ಕೊಟ್ಟು ಮರೆತ ವಿಳಾಸವನ್ನು ಹುಡುಕುವ ದಾರಿಯಿದೆ. ಆದರೆ ಅಲ್ಲಿ ಅಕೌಂಟಿನ ಮೇಲಿರುವ ಹೆಸರನ್ನೂ ಕೇಳುತ್ತಾರೆ. ಅಂಗಡಿಯ ಹುಡುಗ ಅವಸರದಲ್ಲಿ 'ರಾಜಣ್ಣ ಸಿಲ್ಕ್' ಎಂದು ಒತ್ತಿದ್ದರೆ ಆಧಾರ್‌ನಲ್ಲಿರುವ ಪೂರ್ತಿ ಹೆಸರು ಕೊಟ್ಟು ಪ್ರಯೋಜನವಿಲ್ಲ. ವಿಳಾಸ ಸಿಕ್ಕರೂ ಪಾಸ್‌ವರ್ಡ್ ಬದಲಿಸಲು ಕೋಡ್ ಬರುವುದು ಅಕೌಂಟ್ ಮಾಡಿದ ದಿನ ಕೊಟ್ಟಿದ್ದ ನಂಬರಿಗೆ. ಅದು ಅಂಗಡಿಯವನ ನಂಬರೇ ಆಗಿರಬಹುದು. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಿಮ್‌ನದೂ ಆಗಿರಬಹುದು. ಹಾಗೆ ಬಿಟ್ಟ ನಂಬರು ರದ್ದಾಗಿ, ಕನಿಷ್ಠ 90 ದಿನ ಕಳೆದ ಮೇಲೆ ಬೇರೊಬ್ಬರ ಪಾಲಾಗಬಹುದು. ಇನ್ನೊಂದು ಸೂಕ್ಷ್ಮವಿದೆ. ಅಕೌಂಟ್ ಮರಳಿಸುವಾಗ ಗೂಗಲ್ ಕೇಳುವವರ ಉತ್ತರವನ್ನಷ್ಟೇ ನೋಡುವುದಿಲ್ಲ, ಯಾವ ಫೋನಿನಿಂದ, ಯಾವ ಜಾಗದಿಂದ ಕೇಳುತ್ತಿದ್ದಾರೆ ಎಂಬುದನ್ನೂ ನೋಡುತ್ತದೆ. ಬೆಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಕುಳಿತು ಅಪರಿಚಿತ ಕಂಪ್ಯೂಟರಿನಲ್ಲಿ ಒದ್ದಾಡುವುದಕ್ಕಿಂತ ಶಿಡ್ಲಘಟ್ಟದ ಮನೆಯ ವೈಫೈನಲ್ಲಿ, ಆ ಅಕೌಂಟನ್ನು ಹಿಂದೆ ಬಳಸಿದ್ದ ಸಾಧನದಲ್ಲಿ ಪ್ರಯತ್ನಿಸುವುದು ಫಲಕಾರಿ.

ನಮ್ಮ ರೀಲರ್‌ಗೆ ಎರಡು ವಿಳಾಸ ಸಿಕ್ಕಿತು ಎನ್ನೋಣ: 2020ರ ಅಕೌಂಟ್, ಅದರ ಜೊತೆ 2016ರದು. ಎರಡೂ ಹಳೆಯ ಫೋನಿನಲ್ಲಿದ್ದು ಬಳಕೆಯಲ್ಲಿದ್ದವು ಎಂಬುದು ಪುಣ್ಯ. 2016ರದು ಮೊದಲ ಫೋನಿನೊಂದಿಗೇ ಮೂಲೆ ಸೇರಿದ್ದರೆ ಈಗ ಇರುತ್ತಿತ್ತೆಂದು ಹೇಳಲಾಗದು. ಎರಡು ವರ್ಷ ಬಳಸದ ವೈಯಕ್ತಿಕ ಅಕೌಂಟುಗಳನ್ನು ಒಳಗಿನ ಫೋಟೋ, ಮೇಲ್ ಸಮೇತ ಅಳಿಸಬಹುದೆಂಬ ಗೂಗಲ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಇನ್ನು ನಂಬರುಗಳು. ಹೊಸ ಫೋನಿಗೆ ಎರಡೂ ಅಕೌಂಟ್ ಸೇರಿಸಿ ಸಿಂಕ್ ಚಾಲೂ ಮಾಡಿದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಹೆಸರುಗಳು ಇಳಿಯುತ್ತವೆ. ಆದರೂ "ಅರ್ಧ ಬಂದಿಲ್ಲ" ಎಂಬ ದೂರು ಬರುತ್ತದೆ. ಅನೇಕ ಸಲ ಅವು ಬಂದಿರುತ್ತವೆ, ಕಾಣುತ್ತಿರುವುದಿಲ್ಲ ಅಷ್ಟೆ. ಕಾಂಟ್ಯಾಕ್ಟ್ಸ್ ಆಪ್ ಒಂದು ಸಲಕ್ಕೆ ಒಂದೇ ಅಕೌಂಟಿನ ಹೆಸರುಗಳನ್ನು ತೋರಿಸುವಂತೆ ಇದ್ದರೆ ಇನ್ನೊಂದು ಅಕೌಂಟಿನವು ಮರೆಯಲ್ಲಿರುತ್ತವೆ. ಪಟ್ಟಿಯನ್ನು ಎಲ್ಲ ಅಕೌಂಟುಗಳಿಗೆ ಬದಲಿಸಿದ ತಕ್ಷಣ ಸಂಖ್ಯೆ ಏರುತ್ತದೆ.

ನಿಜಕ್ಕೂ ಬಾರದೇ ಇರುವುದು ಬೇರೆ ಗುಂಪು. ಹಳೆಯ ಫೋನಿನಲ್ಲಿ ಹೆಸರು ಉಳಿಸುವಾಗ ಫೋನಿಗೋ, ಸಿಮ್ಮಿಗೋ, ಗೂಗಲ್‌ಗೋ ಎಂದು ಕೇಳಿದ್ದಿರಬಹುದು. ಯಾರೋ ಒಮ್ಮೆ ಫೋನಿಗೆ ಎಂದು ಒತ್ತಿದ್ದಿರಬಹುದು. ಅಲ್ಲಿಂದಾಚೆಗಿನ ಹೆಸರುಗಳೆಲ್ಲ ಆ ಫೋನಿನ ಹೊಟ್ಟೆಯಲ್ಲೇ ಉಳಿಯುತ್ತವೆ, ಅಕೌಂಟಿಗೆ ಹೋಗುವುದೇ ಇಲ್ಲ. ಹಳೆಯ ಫೋನ್ ಇನ್ನೂ ತೆರೆಯುತ್ತಿದೆಯಾದ್ದರಿಂದ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಫೋನಿನಲ್ಲಿರುವ ಕಾಂಟ್ಯಾಕ್ಟುಗಳನ್ನೂ ಸಿಂಕ್ ಮಾಡುವ ಆಯ್ಕೆಯನ್ನು ಚಾಲೂ ಮಾಡಬಹುದು, ಇಲ್ಲವೇ ಎಲ್ಲವನ್ನೂ .vcf ಎಂಬ ಒಂದೇ ಫೈಲಾಗಿ ಹೊರತೆಗೆದು ಹೊಸ ಫೋನಿಗೆ ಕಳಿಸಬಹುದು.

ಸಿಮ್ಮಿನ ಕಥೆ ಕನ್ನಡದವರಿಗೆ ಇನ್ನಷ್ಟು ಬಿಗಿ. ಸಾಮಾನ್ಯ ಸಿಮ್ಮಿನಲ್ಲಿ 250ರ ಆಸುಪಾಸು ಹೆಸರು ಹಿಡಿಸುತ್ತವೆ, ಒಂದು ಹೆಸರಿಗೆ ಒಂದೇ ನಂಬರು, ಹೆಸರಿಗೂ ಕಿರಿದಾದ ಜಾಗ. ಇಂಗ್ಲಿಷ್ ಅಕ್ಷರ ಒಂದು ಪಾಲು ಜಾಗ ತಿಂದರೆ ಕನ್ನಡ, ತೆಲುಗು ಲಿಪಿಯ ಪ್ರತಿ ಗುರುತೂ ಎರಡು ಪಾಲು ತಿನ್ನುತ್ತದೆ. ಅದರಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲವೂ ಪ್ರತ್ಯೇಕ ಲೆಕ್ಕ. 'ವೆಂಕಟೇಶಪ್ಪ ಟೊಮೆಟೊ ಮಂಡಿ' ಎಂದು ಬರೆದದ್ದು 'ವೆಂಕಟೇಶ' ಎಂಬಲ್ಲೇ ಕತ್ತರಿಸಿಹೋಗುವುದು ಹೀಗೆ. ಚಿಂತಾಮಣಿಯ ಮಂಡಿಯಲ್ಲಿ ವ್ಯವಹರಿಸುವವರ ಫೋನಿನಲ್ಲಿ ಎಷ್ಟು ಮಂದಿ ವೆಂಕಟೇಶರಿರುತ್ತಾರೆ ಎಂದು ಕೇಳಿದರೆ ತೊಂದರೆ ಅರ್ಥವಾದೀತು. ನಂಬರು ಬಂದಿರುತ್ತದೆ, ಅದು ಯಾರದೆಂಬುದು ಹೋಗಿರುತ್ತದೆ.

ಕೈತಪ್ಪಿ ಅಳಿಸಿದ್ದಕ್ಕೂ ಪರಿಹಾರವುಂಟು. contacts.google.com ಪುಟದಲ್ಲಿ ಕಾಂಟ್ಯಾಕ್ಟ್ ಪಟ್ಟಿಯನ್ನು ಕಳೆದ 30 ದಿನಗಳೊಳಗಿನ ಯಾವುದಾದರೂ ಹೊತ್ತಿನ ಸ್ಥಿತಿಗೆ ಮರಳಿಸಬಹುದು. ನಕಲು ಹೆಸರುಗಳನ್ನು ಒಟ್ಟುಗೂಡಿಸಲು ಹೋಗಿ ಇಡೀ ಪಟ್ಟಿ ಕಲಸಿಹೋದಾಗ ಕೆಲಸಕ್ಕೆ ಬರುವುದು ಇದೇ.

ಫೋಟೋಗಳ ವಿಷಯದಲ್ಲಿ ಮೊದಲ ಗಲಿಬಿಲಿ ಗ್ಯಾಲರಿಯದು. ಹೊಸ ಫೋನಿಗೆ ಅಕೌಂಟ್ ಹಾಕಿ, ಗ್ಯಾಲರಿ ತೆರೆದು, ಖಾಲಿಯಿರುವುದನ್ನು ಕಂಡು ಎದೆ ಒಡೆದುಕೊಂಡವರಿದ್ದಾರೆ. ಗೂಗಲ್ ಫೋಟೋಸ್‌ಗೆ ಏರಿಸಿದ ಚಿತ್ರಗಳು ಫೋನಿನ ಗ್ಯಾಲರಿಗೆ ತಾನಾಗಿ ಇಳಿದು ಬರುವುದಿಲ್ಲ. ಅವು ಗೂಗಲ್ ಫೋಟೋಸ್ ಆಪಿನೊಳಗೆ ಕಾಣುತ್ತವೆ, ಮುಟ್ಟಿದಾಗ ಇಂಟರ್‌ನೆಟ್ಟಿನಿಂದ ತೆರೆದುಕೊಳ್ಳುತ್ತವೆ. ಸಿಗ್ನಲ್ ಕ್ಷೀಣವಿರುವ ಹಳ್ಳಿಯಲ್ಲಿ ಮದುವೆಯ ವಿಡಿಯೊ ಮಸುಕಾಗಿ ನಿಂತುಬಿಟ್ಟರೆ ವಿಡಿಯೊ ಹಾಳಾಗಿದೆಯೆಂದಲ್ಲ. ಫೋನಿನಲ್ಲೇ ಬೇಕೆನ್ನುವವರು ಬೇಕಾದವನ್ನು ಆರಿಸಿ ಇಳಿಸಿಕೊಳ್ಳಬೇಕು. ಇಡೀ ರಾಶಿಯೇ ಬೇಕಿದ್ದರೆ ಕಂಪ್ಯೂಟರಿನಲ್ಲಿ takeout.google.com ಮೂಲಕ ಜಿಪ್ ಕಟ್ಟುಗಳಾಗಿ ಪಡೆಯುವುದು ಲೇಸು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಡೇಟಾದಲ್ಲಿ ಆ ಸಾಹಸಕ್ಕೆ ಕೈಹಾಕುವುದು ಬೇಡ.

ಎರಡನೆಯದು ಜಾಗದ ತಾಪತ್ರಯ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಅದನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. 2021ರ ಜೂನ್ 1ರ ತನಕ ಸ್ವಲ್ಪ ಕುಗ್ಗಿಸಿದ ಗುಣಮಟ್ಟದಲ್ಲಿ ಏರಿಸಿದ ಫೋಟೋಗಳಿಗೆ ಲೆಕ್ಕವೇ ಇರಲಿಲ್ಲ. ಆ ದಿನದಿಂದ ಏರಿಸಿದ್ದೆಲ್ಲ ಲೆಕ್ಕಕ್ಕೆ ಬಿತ್ತು. ಒಂದು ಫೋಟೋಗೆ ನಾಲ್ಕು ಎಂಬಿ ಎಂದಿಟ್ಟುಕೊಂಡರೆ ನಾಲ್ಕು ಸಾವಿರಕ್ಕೂ ಮೊದಲೇ ಡಬ್ಬಿ ತುಂಬುತ್ತದೆ, ನಡುವೆ ವಿಡಿಯೊ ಬಂದರೆ ಇನ್ನೂ ಬೇಗ. ಮೇಲಾಗಿ, ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಮೊದಲು ಈ ಲೆಕ್ಕದ ಹೊರಗಿತ್ತು. 2024ರಲ್ಲಿ ಅದೂ ಒಳಗೆ ಬಂತು.

ತುಂಬಿದ ಮೇಲೆ ಆಗುವುದೇ ಅಪಾಯಕಾರಿ, ಏಕೆಂದರೆ ಫೋನು ಎಂದಿನಂತೆ ನಡೆಯುತ್ತಲೇ ಇರುತ್ತದೆ. ಒಂದು ಸೂಚನೆ ಬರುತ್ತದೆ, ಬೆರಳು ಅದನ್ನು ಬದಿಗೆ ತಳ್ಳುತ್ತದೆ, ಅಂದಿನಿಂದ ಹೊಸ ಫೋಟೋಗಳು ಏರುವುದು ನಿಲ್ಲುತ್ತದೆ. ರೀಲರ್‌ನ 2020ರ ಅಕೌಂಟಿನಲ್ಲಿ ಹೀಗಾಗಿದೆಯೇ ಎಂದು ತಿಳಿಯುವ ಬಗೆ ಸರಳ: ಬೇರೆ ಯಾವುದಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ photos.google.com ತೆರೆದು ಅಲ್ಲಿರುವ ಕೊನೆಯ ಫೋಟೋದ ತಾರೀಖು ನೋಡುವುದು. ಅದು ನಿನ್ನೆಯದಾಗಿದ್ದರೆ ನಿಶ್ಚಿಂತೆ. ಕಳೆದ ವರ್ಷದ ಯುಗಾದಿಗೇ ನಿಂತಿದ್ದರೆ ಅಲ್ಲಿಂದೀಚಿನದೆಲ್ಲ ಒಡೆದ ಫೋನಿನೊಳಗೆ ಮಾತ್ರ ಇದೆ. ಅದನ್ನು ತಂತಿ ಹಾಕಿ ನಕಲು ಮಾಡುವ ತನಕ ರಿಪೇರಿಗೂ ಕೊಡಬಾರದು, ಎಕ್ಸ್‌ಚೇಂಜಿಗೂ ಕೊಡಬಾರದು.

ತಾರೀಖು ಸರಿಯಿದ್ದರೂ ಒಂದು ಕಂದಕ ಉಳಿಯುತ್ತದೆ. ಗೂಗಲ್ ಫೋಟೋಸ್ ತಾನಾಗಿ ಏರಿಸುವುದು ಮುಖ್ಯವಾಗಿ ಕ್ಯಾಮೆರಾದ ಫೋಲ್ಡರನ್ನು. ವಾಟ್ಸಾಪಿನಲ್ಲಿ ಬಂದ ಚಿತ್ರಗಳು, ಸ್ಕ್ರೀನ್‌ಶಾಟುಗಳು ಬೇರೆ ಫೋಲ್ಡರುಗಳಲ್ಲಿರುತ್ತವೆ, ಅವುಗಳ ಬ್ಯಾಕಪ್ಪನ್ನು ಪ್ರತ್ಯೇಕವಾಗಿ ಚಾಲೂ ಮಾಡಿರಬೇಕು. ಪಾಲುದಾರ ಕಳಿಸಿದ ಲೆಕ್ಕದ ಪುಟ, ಹಣ ಕಳಿಸಿದ್ದರ ಸ್ಕ್ರೀನ್‌ಶಾಟು, ವ್ಯಾಪಾರಸ್ಥನಿಗೆ ಬೇಕಾಗಿರುವುದೇ ಇವು. ಸಿಗದೇ ಹೋಗುವುದೂ ಇವೇ.

ಒಂದೇ ಅಕೌಂಟನ್ನು ಅಪ್ಪ, ಮಗ ಇಬ್ಬರ ಫೋನಿಗೂ ಹಾಕುವ ರೂಢಿಯ ಬಗ್ಗೆ ಎರಡು ಮಾತು. ಗೌರಿಬಿದನೂರಿನ ಕಾರ್ಖಾನೆಗೆ ಹೋಗುವ ಮಗನ ಸೆಲ್ಫಿಗಳು ಊರಿನಲ್ಲಿರುವ ಅಪ್ಪನ ಫೋನಿನಲ್ಲಿ ಕಾಣಿಸಿಕೊಳ್ಳುತ್ತವೆ. ಇದೇನು ಕಸವೆಂದು ಅಪ್ಪ ಅಳಿಸುತ್ತಾರೆ, ಮಗನ ಕಡೆಯೂ ಅಳಿಯುತ್ತವೆ. ಬ್ಯಾಕಪ್ ಆದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ತಿಳಿದರೆ ಎತ್ತಿಕೊಳ್ಳಬಹುದು.

ವಾಟ್ಸಾಪ್ ಈ ಎಲ್ಲಕ್ಕಿಂತ ಕಟ್ಟುನಿಟ್ಟು. ಅದರ ಬ್ಯಾಕಪ್ ಮರಳಬೇಕಾದರೆ ಬ್ಯಾಕಪ್ ಮಾಡಿದಾಗಿನ ಫೋನ್ ನಂಬರೂ ಅದೇ ಗೂಗಲ್ ಅಕೌಂಟೂ ಎರಡೂ ಹೊಸ ಫೋನಿನಲ್ಲಿರಬೇಕು. ನಂಬರ್ ಪರಿಶೀಲನೆ ಮುಗಿದ ಕೂಡಲೇ ಹಳೆಯದನ್ನು ತರಬೇಕೇ ಎಂದು ಅದು ಕೇಳುತ್ತದೆ. ಆಗ Restore ಎಂದು ಒತ್ತಬೇಕು. ಅಂಗಡಿಯಲ್ಲಿ ಇದನ್ನು ದಾಟಿಸಿಬಿಡುವುದು ಸಾಮಾನ್ಯ, ಏಕೆಂದರೆ ಇಳಿಯಲು ಹೊತ್ತು ಹಿಡಿಯುತ್ತದೆ, ಅಂಗಡಿಯ ಇಂಟರ್‌ನೆಟ್ ಖರ್ಚಾಗುತ್ತದೆ. ಅಥವಾ ಹೊಸ ಜಿಮೇಲ್ ಹಾಕಿದ್ದರೆ ಬ್ಯಾಕಪ್ಪೇ ಇಲ್ಲವೆಂದು ಅದು ಹೇಳುತ್ತದೆ, ಹುಡುಗನೂ ಅದನ್ನೇ ಹೇಳುತ್ತಾನೆ.

ದಾಟಿಸಿದ ಮಾತ್ರಕ್ಕೆ ಕೆಲಸ ಕೆಟ್ಟಿಲ್ಲ. ವಾಟ್ಸಾಪನ್ನು ತೆಗೆದುಹಾಕಿ, ಸರಿಯಾದ ಗೂಗಲ್ ಅಕೌಂಟ್ ಸೇರಿಸಿ, ಮತ್ತೆ ಹಾಕಿಕೊಂಡರೆ ಅದೇ ಪ್ರಶ್ನೆ ಮರಳಿ ಬರುತ್ತದೆ. ಆದರೆ ಸಮಯ ಕಡಿಮೆ. ದಿನವೂ ಬ್ಯಾಕಪ್ ಎಂದು ಇಟ್ಟಿದ್ದರೆ ವಾಟ್ಸಾಪ್ ಅದನ್ನು ನಡುರಾತ್ರಿ ಕಳೆದ ಮೇಲೆ, ಸುಮಾರು ಎರಡು ಗಂಟೆಗೆ ಮಾಡುತ್ತದೆ, ಮತ್ತು ಹೊಸ ಬ್ಯಾಕಪ್ ಅದೇ ಅಕೌಂಟಿನಲ್ಲಿದ್ದ ಹಳೆಯದರ ಮೇಲೆಯೇ ಕೂರುತ್ತದೆ. ಸಂಜೆ ಹಳೆಯ ಮಾತುಗಳಿಲ್ಲದೆ ಶುರುವಾದ ವಾಟ್ಸಾಪ್ ಬೆಳಗಾಗುವುದರೊಳಗೆ ಐದು ವರ್ಷದ ಮಾತನ್ನು ಒರೆಸಿ ಒಂದು ಸಂಜೆಯ ಮಾತನ್ನು ಅಲ್ಲಿ ಇಟ್ಟಿರಬಹುದು. ಆದ್ದರಿಂದ Restore ತಪ್ಪಿತೆಂದು ಗೊತ್ತಾದ ಕ್ಷಣ ಮಾಡಬೇಕಾದ ಮೊದಲ ಕೆಲಸ ಹೊಸ ಫೋನಿನಲ್ಲಿ ವಾಟ್ಸಾಪಿನ ತಾನಾಗಿ ಆಗುವ ಬ್ಯಾಕಪ್ಪನ್ನು ನಿಲ್ಲಿಸುವುದು.

ಅಷ್ಟಾಗಿಯೂ ಒರೆಸಿಹೋಗಿದ್ದರೆ ಹಳೆಯ ಫೋನಿನೊಳಗೊಂದು ಕೊನೆಯ ಆಸರೆಯಿದೆ. ವಾಟ್ಸಾಪ್ ತನ್ನ ಇತ್ತೀಚಿನ ಕೆಲವು ದಿನಗಳ ಬ್ಯಾಕಪ್ಪನ್ನು ಫೋನಿನಲ್ಲೂ ಇಟ್ಟಿರುತ್ತದೆ:

```
Android/media/com.whatsapp/WhatsApp/Databases
```

ಇಡೀ WhatsApp ಫೋಲ್ಡರನ್ನು ಹೊಸ ಫೋನಿನ ಅದೇ ಜಾಗಕ್ಕೆ ನಕಲು ಮಾಡಿ, ಆಮೇಲೆ ವಾಟ್ಸಾಪ್ ಹಾಕಿದರೆ ಅಲ್ಲಿಂದ ಮರಳಿಸುತ್ತದೆ. ಬ್ಯಾಕಪ್ಪಿಗೆ ಪಾಸ್‌ವರ್ಡನ್ನೋ 64 ಅಂಕಿ-ಅಕ್ಷರಗಳ ಕೀಲಿಯನ್ನೋ ಇಟ್ಟು ಎನ್‌ಕ್ರಿಪ್ಟ್ ಮಾಡಿದ್ದವರು ಅದನ್ನು ಮರೆತಿದ್ದರೆ ಮಾತ್ರ ವಾಟ್ಸಾಪ್ ಕಂಪನಿಯೂ ತೆರೆದುಕೊಡಲಾರದು. ಎರಡೂ ಫೋನು ಕೈಯಲ್ಲಿದ್ದು ಎರಡೂ ಆಂಡ್ರಾಯ್ಡ್ ಆಗಿದ್ದರೆ ಈ ಗೋಜೇ ಬೇಡ. 2023ರಿಂದ ವಾಟ್ಸಾಪ್‌ನಲ್ಲೇ ಕ್ಯುಆರ್ ಕೋಡ್ ತೋರಿಸಿ ನೇರವಾಗಿ ದಾಟಿಸುವ ಸೌಲಭ್ಯವಿದೆ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರಿಗೆ ಗೂಗಲ್‌ನಲ್ಲಿರುವ ಬ್ಯಾಕಪ್ ಉಪಯೋಗಕ್ಕೆ ಬಾರದು. ಅವರು ಐಫೋನನ್ನು ಮೊದಲ ಸಲ ಹೊಂದಿಸುವಾಗಲೇ Move to iOS ಆಪಿನ ಮೂಲಕ ಸಾಗಿಸಬೇಕು. ಹೊಸ ಐಕ್ಲೌಡ್‌ನಲ್ಲಿ ಪುಕ್ಕಟೆ ಜಾಗ 5 ಜಿಬಿ ಮಾತ್ರ ಎಂಬುದೂ ಗೊತ್ತಿರಲಿ.

ಕರೆಗಳ ಪಟ್ಟಿ, ಎಸ್ಸೆಮ್ಮೆಸ್, ಸೆಟ್ಟಿಂಗುಗಳು ಮತ್ತೊಂದು ಬ್ಯಾಕಪ್ಪಿನಲ್ಲಿ, ಅಂದರೆ ಫೋನಿನದೇ ಬ್ಯಾಕಪ್ಪಿನಲ್ಲಿರುತ್ತವೆ. ಇದನ್ನು ಹೊಸ ಫೋನು ಮೊದಲ ಸಲ ಹೊಂದಿಸುವ ಹೊತ್ತಿನಲ್ಲೇ ಆರಿಸಬೇಕು. ಆಗ ದಾಟಿಸಿದರೆ ಅನೇಕ ಫೋನುಗಳಲ್ಲಿ ಇಡೀ ಫೋನನ್ನು ರೀಸೆಟ್ ಮಾಡಿ ಮತ್ತೆ ಮೊದಲಿನಿಂದ ಬರಬೇಕು. ಇಲ್ಲಿ ಕೇಳುವ ಲಾಕ್ ಹೊಸ ಫೋನಿನದಲ್ಲ, ಹಳೆಯದರದು. ರೀಲರ್ ಹಳೆಯ ಫೋನಿಗೆ ಎಳೆಯುತ್ತಿದ್ದ ಗೆರೆಯನ್ನೇ ಹೊಸದರ ಮೇಲೆ ಎಳೆಯಬೇಕು. ಹೆಚ್ಚಿನ ಆವೃತ್ತಿಯ ಆಂಡ್ರಾಯ್ಡ್‌ನಿಂದ ತೆಗೆದ ಬ್ಯಾಕಪ್ ಕಡಿಮೆ ಆವೃತ್ತಿಯ ಫೋನಿಗೆ ಇಳಿಯುವುದಿಲ್ಲ, ಹಾಗಾಗಿ ಅಗ್ಗದ ಸೆಕೆಂಡ್‌ಹ್ಯಾಂಡ್ ಫೋನಿಗೆ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಗಡುವೂ ಉಂಟು: ಹಳೆಯ ಫೋನು 57 ದಿನ ಬಳಕೆಯಿಲ್ಲದೆ ಬಿದ್ದರೆ ಈ ಬ್ಯಾಕಪ್ ಅಳಿಯುತ್ತದೆ. ಫೋಟೋಸ್‌ನಲ್ಲಿರುವ ಚಿತ್ರಗಳಿಗೆ ಈ ಗಡುವಿಲ್ಲ.

ಕೊನೆಗೆ ಫೈಲುಗಳು. ಬಹುತೇಕ ಫೋನುಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರು ತಾನಾಗಿ ಎಲ್ಲಿಗೂ ಏರಿರುವುದಿಲ್ಲ. 'ಎಲ್ಲಾ ಬರುತ್ತಣ್ಣ' ಎಂಬ ಮಾತು ಪೂರಾ ಸೋಲುವುದು ಇಲ್ಲಿ. ಆದರೆ ಅಳುವ ಮೊದಲು ಅದರಲ್ಲಿದ್ದುದೇನೆಂದು ವಿಂಗಡಿಸಬೇಕು. ಪಹಣಿಯನ್ನು ಭೂಮಿಯಲ್ಲಿ ಮತ್ತೆ ತೆಗೆಯಬಹುದು, ಚಾಲನಾ ಪರವಾನಗಿ, ಗಾಡಿಯ ಆರ್‌ಸಿ ಡಿಜಿಲಾಕರಿನಲ್ಲಿ ಸಿಗುತ್ತವೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಬ್ಯಾಂಕಿನಲ್ಲೇ ಇದೆ. ಮರಳಿ ಹುಟ್ಟದಿರುವುದು ಧ್ವನಿ ರೆಕಾರ್ಡಿಂಗು, ಕರೆಯ ರೆಕಾರ್ಡಿಂಗು, ತಾನೇ ಕುಳಿತು ಮಾಡಿದ ಲೆಕ್ಕದ ಹಾಳೆಗಳು. ಇವನ್ನು ತಂತಿಯಿಂದಲೋ, ಕ್ವಿಕ್ ಶೇರ್‌ನಿಂದಲೋ ಕೈಯಾರೆ ಸಾಗಿಸಬೇಕು. ಫೋನ್‌ಪೇ, ಗೂಗಲ್ ಪೇ ಮೊದಲಾದ ಯುಪಿಐ ಆಪುಗಳು ಬ್ಯಾಕಪ್ಪಿನಿಂದ ಕೆಲಸಕ್ಕೆ ನಿಲ್ಲುವುದಿಲ್ಲ. ಬ್ಯಾಂಕಿಗೆ ಜೋಡಿಸಿದ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೋಗಿ ಹೊಸದಾಗಿಯೇ ನೋಂದಣಿಯಾಗಬೇಕು.

ಫೋನು ಕಳವಾದವರಿಗೆ ಈ ಕ್ರಮ ತಿರುವುಮುರುವಾಗುತ್ತದೆ. ಮೊದಲು ದೂರು, ಅದೇ ನಂಬರಿನ ಬದಲಿ ಸಿಮ್, 2023ರ ಮೇನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಂಚಾರ್ ಸಾಥಿಯಲ್ಲಿ ಹಳೆಯ ಫೋನಿಗೆ ತಡೆ. ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್ಸೆಮ್ಮೆಸ್‌ಗೆ ತಡೆ ಇರುತ್ತದೆ. ಮೋಸಗಾರರು ಬೇರೆಯವರ ಸಿಮ್ ತೆಗೆದು ಓಟಿಪಿ ಕದಿಯದಿರಲೆಂದು ಮಾಡಿದ ಏರ್ಪಾಡು ಅದು. ಅದು ಗೊತ್ತಿಲ್ಲದೆ ಆ ಒಂದು ದಿನ ಕೋಡಿಗಾಗಿ ಹತ್ತಾರು ಸಲ ಒತ್ತಿದವರು ಅಕೌಂಟಿನಿಂದ ತಾತ್ಕಾಲಿಕವಾಗಿ ಹೊರಬೀಳುವುದುಂಟು. ಗೂಗಲ್ ಅಕೌಂಟಿಗೆ ಮೊದಲೇ ಹತ್ತು ಬ್ಯಾಕಪ್ ಕೋಡುಗಳನ್ನು ತೆಗೆದು ಕಾಗದದಲ್ಲಿ ಬರೆದಿಟ್ಟವರಿಗೆ ಆ ಕಾಯುವಿಕೆಯೂ ಇಲ್ಲ, ತಲಾ ಎಂಟಂಕಿಯ ಆ ಕೋಡುಗಳಲ್ಲಿ ಒಂದನ್ನು ಒತ್ತಿ ಒಳಗೆ ಹೋಗಬಹುದು.

ನಮ್ಮ ರೀಲರ್ ಬಳಿ ಹಳೆಯ ಫೋನೇ ಇರುವುದರಿಂದ ಅವರಿಗೆ ಉಳಿದಿರುವುದು ಅದನ್ನು ಕೊಟ್ಟುಬಿಡುವ ಪ್ರಶ್ನೆ. ಎಕ್ಸ್‌ಚೇಂಜಿನಲ್ಲಿ ಸಾವಿರವೋ ಎರಡು ಸಾವಿರವೋ ಕಡಿತ ಸಿಗುತ್ತದೆಂದು ಕೊಂಡ ದಿನವೇ ಒಪ್ಪಿಸಿದರೆ ಮೇಲೆ ಹೇಳಿದ ಅರ್ಧದಷ್ಟು ದಾರಿಗಳು ಅಲ್ಲೇ ಮುಚ್ಚಿಹೋಗುತ್ತವೆ. ಒಂದೆರಡು ವಾರ ಇಟ್ಟುಕೊಂಡು, ಒಂದು ಗೂಡಿನ ವ್ಯವಹಾರ, ಒಂದು ಬಟವಾಡೆ ಹೊಸ ಫೋನಿನಲ್ಲೇ ಮುಗಿದ ಮೇಲೆ, ಕಾಗದದ ಪಟ್ಟಿಗೆ ಸರಿಹೋಲಿಸಿ ನೋಡಿ ಕೊಡಬಹುದು. ಕೊಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಎರಡೂ ಅಕೌಂಟುಗಳನ್ನು ತೆಗೆದು ಆಮೇಲೆ ರೀಸೆಟ್ ಮಾಡಬೇಕು. ಅಕೌಂಟ್ ತೆಗೆಯದೆ ಗುಂಡಿಗಳನ್ನು ಒತ್ತಿಹಿಡಿದು ಒರೆಸಿಬಿಟ್ಟರೆ ಕೊಂಡವರು ಫೋನು ಹಚ್ಚಿದಾಗ ಅದು ಹಳೆಯ ಮಾಲೀಕನ ಜಿಮೇಲ್ ಕೇಳುತ್ತದೆ, ಅಂಗಡಿಯಿಂದ ಶಿಡ್ಲಘಟ್ಟಕ್ಕೆ ಫೋನ್ ಬರುತ್ತದೆ: "ಅಣ್ಣ, ಪಾಸ್‌ವರ್ಡ್ ಏನು?"